ಅಂಗಡಿಗೆ ತಾಗುವಷ್ಟು ಬಜೆಟ್

ಕೇಂದ್ರ ಬಜೆಟ್ ಭಾಷಣವು ರೈತರಿಂದ ಹಿಡಿದು ಹಡಗು ಕಟ್ಟುವವರವರೆಗೆ ಎಲ್ಲರಿಗೂ ಏನಾದರೊಂದು ಹೇಳುತ್ತದೆ. ಒಂದು ಊರಿನ ಕಿರಾಣಿ ಅಂಗಡಿಯವರಿಗೆ ಬೇಕಾದದ್ದು ಮಾತ್ರ ಇಷ್ಟೇ: ನಾಳೆಯಿಂದ ನನ್ನ ಅಂಗಡಿಯಲ್ಲಿ ಏನು ಬದಲಾಗುತ್ತದೆ? ಕೇಳುವುದಕ್ಕೆ ಸುಲಭವಾದ ಪ್ರಶ್ನೆ. ಆದರೆ ಉತ್ತರ ಹೇಳಲು ಕೂತರೆ, ಬದಲಾವಣೆ ಎಂದರೇನು, ಅಂಗಡಿ ಎಂದರೆ ಯಾರು, ನಾಳೆ ಎಂದರೆ ಯಾವ ದಿನ ಎಂಬ ಮೂರು ಪ್ರಶ್ನೆಗಳು ಒಂದರ ಹಿಂದೆ ಒಂದು ಎದುರಾಗುತ್ತವೆ. ಇವಕ್ಕೆ ಉತ್ತರ ಕಂಡುಕೊಳ್ಳದೆ ಬರೆದ ಸಾರಾಂಶ ಎಷ್ಟೇ ಚಿಕ್ಕದಾಗಿದ್ದರೂ ಸಾರವಿಲ್ಲದ್ದು.

2025ರ ಫೆಬ್ರವರಿ 1ರಂದು ನಿರ್ಮಲಾ ಸೀತಾರಾಮನ್ ಮಂಡಿಸಿದ ಬಜೆಟ್ಟನ್ನು ಇದಕ್ಕೆ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಆ ದಿನದ ಒಂದು ಅಂಕಿ ದೇಶದ ಮೂಲೆ ಮೂಲೆಗೂ ತಲುಪಿತು. ಹನ್ನೆರಡು ಲಕ್ಷದವರೆಗೆ ತೆರಿಗೆ ಇಲ್ಲ. ಟಿವಿಯಲ್ಲಿ ಬಂತು, ಪತ್ರಿಕೆಯ ತಲೆಬರಹವಾಯಿತು, ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ಆ ಸಾಲಿನಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಅಂಗಡಿಯವರ ಕಿವಿಗೆ ಅದು ಅರ್ಧ ಮಾತ್ರ ಹೇಳಿತ್ತು.

ಹನ್ನೆರಡು ಲಕ್ಷ ಯಾವುದರ ಹನ್ನೆರಡು ಲಕ್ಷ? ಸಂಬಳದವರಿಗೆ ಈ ಸಂಶಯವೇ ಬರುವುದಿಲ್ಲ. ಅವರಿಗೆ ಬರುವ ಹಣವೇ ಅವರ ಆದಾಯ. ಅಂಗಡಿಯವರ ಕೈಗೆ ಬರುವ ಹಣ ಆದಾಯವಲ್ಲ, ಅದು ಮಾರಾಟ. ನೂರು ರೂಪಾಯಿ ಗಲ್ಲಾಕ್ಕೆ ಬಿದ್ದರೆ ಅದರಲ್ಲಿ ಬಹುಪಾಲು ಈಗಾಗಲೇ ಹೋಲ್‌ಸೇಲಿನವರಿಗೆ ಸೇರಿದ್ದು. ತಿಂಗಳಿಗೆ ಒಂದು ಲಕ್ಷ ಮಾರಾಟವಿದ್ದರೆ ವರ್ಷಕ್ಕೆ ಹನ್ನೆರಡು ಲಕ್ಷ ಆಗಿಹೋಯಿತು. ತೀರಾ ಸಣ್ಣ ಅಂಗಡಿಯವರು ಈ ತಲೆಬರಹ ಓದಿ, ಇನ್ನೂ ಸ್ವಲ್ಪ ವ್ಯಾಪಾರ ಹೆಚ್ಚಿದರೆ ತೆರಿಗೆ ಬೀಳುತ್ತದೆ ಎಂದು ಹೆದರಲು ಸಾಧ್ಯ. ತಲೆಬರಹದ ಹನ್ನೆರಡು ಲಕ್ಷ ಮಾರಾಟದ್ದಲ್ಲ, ಲಾಭದ್ದು ಎಂಬ ಒಂದೇ ವಾಕ್ಯ ಆ ಹೆದರಿಕೆಯನ್ನು ತೆಗೆಯುತ್ತದೆ. ಬಜೆಟ್ ಭಾಷಣದಲ್ಲಿ ಆ ವಾಕ್ಯಕ್ಕೆ ಜಾಗವಿಲ್ಲ. ಸಾರಾಂಶದಲ್ಲಿ ಅದೇ ಮೊದಲ ವಾಕ್ಯವಾಗಬೇಕು.

ಹಾಗಾದರೆ ಲಾಭ ಎಷ್ಟೆಂದು ಯಾರು ಹೇಳುತ್ತಾರೆ? ಇಲ್ಲಿ ಆದಾಯ ತೆರಿಗೆ ಕಾನೂನು ಸಣ್ಣ ವ್ಯಾಪಾರಿಗಳಿಗೆ ಒಂದು ದಾರಿ ಬಿಟ್ಟುಕೊಟ್ಟಿದೆ. ಹಳೆಯ ಕಾನೂನಿನ 44ಎಡಿ ಕಲಮಿನಲ್ಲಿದ್ದ ಅಂದಾಜು ಆದಾಯದ ಪದ್ಧತಿ ಅದು. ವರ್ಷದ ಮಾರಾಟ 2 ಕೋಟಿ ಮೀರದಿದ್ದರೆ ಪೂರ್ತಿ ಲೆಕ್ಕಪುಸ್ತಕ ಬರೆಯಬೇಕಿಲ್ಲ. ನಗದಾಗಿ ಬಂದ ಮಾರಾಟದ ಶೇ 8, ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದದ್ದರ ಶೇ 6 ಲಾಭವೆಂದು ತೋರಿಸಿದರೆ ಸಾಕು. ಹೆಚ್ಚು ಲಾಭ ಬಂದಿದ್ದರೆ ಹೆಚ್ಚು ತೋರಿಸಬಹುದು. ನಗದಿನ ಪಾಲು ಶೇ 5 ಮೀರದ ವ್ಯಾಪಾರಗಳಿಗೆ ಈ ಮಿತಿಯನ್ನು 2023ರ ಬಜೆಟ್ಟಿನಲ್ಲಿ 3 ಕೋಟಿಗೆ ಏರಿಸಿದ್ದರು. 2025ರಲ್ಲಿ ಈ ಪದ್ಧತಿಯ ಮಿತಿಯಾಗಲಿ ಶೇಕಡಾವಾರಾಗಲಿ ಬದಲಾಗಲಿಲ್ಲ. ಆದರೆ ಇದನ್ನು ತಿಳಿಯದೆ ಬದಲಾದ ಹನ್ನೆರಡು ಲಕ್ಷದ ಅರ್ಥ ತಿಳಿಯುವುದಿಲ್ಲ.

ಎರಡು ಅಂಗಡಿಗಳನ್ನು ಕಲ್ಪಿಸಿಕೊಳ್ಳೋಣ. ಎರಡೂ ದಾವಣಗೆರೆಯ ಒಂದೇ ಬೀದಿಯಲ್ಲಿವೆ, ಎರಡೂ ಒಬ್ಬೊಬ್ಬರೇ ಮಾಲೀಕರಿರುವ ಕಿರಾಣಿ ಅಂಗಡಿಗಳು. ಮೊದಲನೆಯದರ ವಾರ್ಷಿಕ ಮಾರಾಟ 90 ಲಕ್ಷ. ಅದರಲ್ಲಿ 60 ಲಕ್ಷ ಯುಪಿಐ ಮೂಲಕ, 30 ಲಕ್ಷ ನಗದು. ಅಂದಾಜು ಲಾಭ 3 ಲಕ್ಷ 60 ಸಾವಿರ ಮತ್ತು 2 ಲಕ್ಷ 40 ಸಾವಿರ, ಒಟ್ಟು 6 ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ 2024-25ರಲ್ಲೇ 7 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಇತ್ತು. ಆದ್ದರಿಂದ ಆ ವರ್ಷವೂ ಇವರ ತೆರಿಗೆ ಸೊನ್ನೆ, ಮುಂದಿನ ವರ್ಷವೂ ಸೊನ್ನೆ. ದೇಶವೆಲ್ಲ ಮಾತಾಡಿದ ಬದಲಾವಣೆ ಈ ಅಂಗಡಿಯ ಹೊಸ್ತಿಲನ್ನು ದಾಟಲೇ ಇಲ್ಲ.

ಎರಡನೆಯ ಅಂಗಡಿಯ ಮಾರಾಟ ಒಂದೂವರೆ ಕೋಟಿ. ಒಂದು ಕೋಟಿ ಯುಪಿಐ ಮತ್ತು ಬ್ಯಾಂಕಿನ ಮೂಲಕ, 50 ಲಕ್ಷ ನಗದು. ಅಂದಾಜು ಲಾಭ 6 ಲಕ್ಷ ಮತ್ತು 4 ಲಕ್ಷ ಸೇರಿ 10 ಲಕ್ಷ. 2024-25ರ ಹೊಸ ಪದ್ಧತಿಯ ದರದಲ್ಲಿ ಮೊದಲ 3 ಲಕ್ಷಕ್ಕೆ ತೆರಿಗೆ ಇಲ್ಲ, ನಂತರದ 4 ಲಕ್ಷಕ್ಕೆ ಶೇ 5ರಂತೆ 20 ಸಾವಿರ, ಉಳಿದ 3 ಲಕ್ಷಕ್ಕೆ ಶೇ 10ರಂತೆ 30 ಸಾವಿರ. ಶೇ 4ರ ಸೆಸ್ ಸೇರಿಸಿದರೆ ಒಟ್ಟು 52 ಸಾವಿರ ರೂಪಾಯಿ. 2025-26ರಲ್ಲಿ ಇದೇ ಮಾರಾಟಕ್ಕೆ, ಇದೇ ಲಾಭಕ್ಕೆ ತೆರಿಗೆ ಸೊನ್ನೆ. ಪಕ್ಕದ ಅಂಗಡಿಗೆ ಏನನ್ನೂ ಕೊಡದ ಘೋಷಣೆ ಇಲ್ಲಿ 52 ಸಾವಿರ ಉಳಿಸಿಕೊಟ್ಟಿತು.

ಒಂದೇ ಬೀದಿ, ಒಂದೇ ಬಗೆಯ ವ್ಯಾಪಾರ, ಒಂದೇ ಸಾಲಿನ ಸುದ್ದಿ. ಆದರೂ ಒಬ್ಬರಿಗೆ ಅದು ಬದಲಾವಣೆ, ಇನ್ನೊಬ್ಬರಿಗೆ ಅಲ್ಲ. ಇದನ್ನು ನೋಡುವಾಗ ನನಗೆ ಅನ್ನಿಸುವುದು, ಬದಲಾವಣೆ ಎಂಬುದು ಘೋಷಣೆಯಲ್ಲಿ ಇರುವ ಗುಣವಲ್ಲ. ಅದು ಘೋಷಣೆಯ ಅಂಕಿಗೂ ಅಂಗಡಿಯ ಅಂಕಿಗೂ ನಡುವಿನ ಸಂಬಂಧ. ಮಳೆ ಎಲ್ಲ ಹೊಲದ ಮೇಲೂ ಸುರಿದರೂ ಬದು ಇರುವಲ್ಲಿ ಮಾತ್ರ ನೀರು ನಿಲ್ಲುವಂತೆ, ಬಜೆಟ್ಟಿನ ಮಾತು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮಿತಿಗಳು ತೀರ್ಮಾನಿಸುತ್ತವೆ. ಸಾರಾಂಶ ಬರೆಯುವವರು ಆ ಮಿತಿಗಳನ್ನು ಬಿಟ್ಟು ಘೋಷಣೆಯನ್ನಷ್ಟೇ ಉಳಿಸಿಕೊಂಡರೆ, ಜಾಗ ಉಳಿಸುವ ಹೆಸರಿನಲ್ಲಿ ಮುಖ್ಯವಾದದ್ದನ್ನೇ ಕೈಬಿಟ್ಟಂತೆ.

ಆ ದಿನ ಇನ್ನೊಂದು ಅಂಕಿಯೂ ಓಡಾಡಿತು: 12 ಲಕ್ಷದ 75 ಸಾವಿರ. ಆ ಹೆಚ್ಚಿನ 75 ಸಾವಿರ ಸಂಬಳ ಮತ್ತು ಪಿಂಚಣಿ ಪಡೆಯುವವರಿಗೆ ಸಿಗುವ ನಿಗದಿತ ಕಡಿತ. ವ್ಯಾಪಾರದ ಲಾಭಕ್ಕೆ ಅದು ಸಿಗುವುದಿಲ್ಲ. ಅಂಗಡಿಯವರ ಸಾರಾಂಶದಲ್ಲಿ ಆ ಅಂಕಿ ಇರಲೇಬಾರದು. ಇದ್ದರೆ, ಇದು ನಿಮಗಲ್ಲ ಎಂದು ಹೇಳುವುದಕ್ಕಾಗಿ ಮಾತ್ರ ಇರಬೇಕು.

ಸೊನ್ನೆ ತೆರಿಗೆ ಎಂಬ ಮಾತಿನೊಳಗೂ ಒಂದು ಅಪಾಯವಿದೆ. 12 ಲಕ್ಷದವರೆಗಿನ ಆದಾಯ ತೆರಿಗೆಯ ಲೆಕ್ಕದಿಂದ ಹೊರಗಿಲ್ಲ. 4 ಲಕ್ಷದಾಚೆಗೆ ದರದ ಪ್ರಕಾರ ತೆರಿಗೆ ಲೆಕ್ಕ ಹಾಕಿ, ಬಂದ ಮೊತ್ತವನ್ನು ಗರಿಷ್ಠ 60 ಸಾವಿರದವರೆಗಿನ ರಿಯಾಯಿತಿಯಲ್ಲಿ ವಜಾ ಮಾಡುತ್ತಾರೆ. ರಿಟರ್ನ್ ಸಲ್ಲಿಸುವುದು ತಪ್ಪುವುದಿಲ್ಲ. 10 ಲಕ್ಷ ಲಾಭದ ಅಂಗಡಿಯವರು ತೆರಿಗೆ ಇಲ್ಲವಲ್ಲ ಎಂದು ಸುಮ್ಮನೆ ಕೂತರೆ, ಕೊಡಬೇಕಾದ ಹಣ ಇಲ್ಲದಿದ್ದರೂ ಕೊಡಬೇಕಾದ ಲೆಕ್ಕ ಬಾಕಿ ಉಳಿಯುತ್ತದೆ. ಬದಲಾದದ್ದು ಹಣ, ಬದಲಾಗದೆ ಉಳಿದದ್ದು ಕೆಲಸ. ಈ ಎರಡನ್ನೂ ಒಟ್ಟಿಗೆ ಹೇಳಿದಾಗಲೇ ಮಾತು ಪೂರ್ತಿಯಾಗುತ್ತದೆ.

ಈಗ ಎರಡನೆಯ ಪ್ರಶ್ನೆ. ಅಂಗಡಿ ಎಂದರೆ ಯಾರು? ವ್ಯಾಪಾರಕ್ಕೆ ತಾಗುವಷ್ಟನ್ನೇ ಹೇಳು ಎಂದರೆ, ವ್ಯಾಪಾರಕ್ಕೂ ಮನೆಗೂ ನಡುವೆ ಗೆರೆ ಎಳೆಯಬೇಕಾಗುತ್ತದೆ. ಒಬ್ಬರೇ ಮಾಲೀಕರಿರುವ ಅಂಗಡಿಯಲ್ಲಿ ಕಾನೂನು ಆ ಗೆರೆ ಎಳೆಯುವುದಿಲ್ಲ. ಅಂಗಡಿಗೆ ಬೇರೆ ತೆರಿಗೆ ಇಲ್ಲ, ತೆರಿಗೆ ಮಾಲೀಕರದ್ದು. ಮೇಲಿನ ಒಂದೂವರೆ ಕೋಟಿಯ ಅಂಗಡಿಯವರಿಗೆ ಹಿರಿಯರು ಬಿಟ್ಟುಹೋದ ಮನೆಯ ಬಾಡಿಗೆ, ಕಳೆಯಬೇಕಾದ್ದನ್ನು ಕಳೆದ ಮೇಲೆ, ವರ್ಷಕ್ಕೆ 2 ಲಕ್ಷ 20 ಸಾವಿರ ಬರುತ್ತದೆ ಎಂದಿಟ್ಟುಕೊಳ್ಳೋಣ. ಆಗ ಅವರ ಒಟ್ಟು ಆದಾಯ 12 ಲಕ್ಷ 20 ಸಾವಿರ. ಮಿತಿ ದಾಟಿತು, ಪೂರ್ತಿ ರಿಯಾಯಿತಿ ಹೋಯಿತು. ಆದರೆ ಮಿತಿಯನ್ನು ಸ್ವಲ್ಪವೇ ದಾಟಿದವರಿಗೆ ಅನ್ಯಾಯವಾಗದಂತೆ ಕಾನೂನಿನಲ್ಲಿ ಒಂದು ತಡೆ ಇದೆ: 12 ಲಕ್ಷದ ಮೇಲೆ ಎಷ್ಟು ಹೆಚ್ಚಾಯಿತೋ ಅದಕ್ಕಿಂತ ಹೆಚ್ಚು ತೆರಿಗೆ ಹಾಕುವಂತಿಲ್ಲ. ದರದ ಪ್ರಕಾರ 63 ಸಾವಿರ ಆಗಬೇಕಿದ್ದದ್ದು 20 ಸಾವಿರಕ್ಕೆ ಇಳಿದು, ಸೆಸ್ ಸೇರಿ 20,800 ಆಗುತ್ತದೆ. ಅಂಗಡಿಯಲ್ಲಿ ಒಂದು ರೂಪಾಯಿ ವ್ಯಾಪಾರ ಹೆಚ್ಚಲಿಲ್ಲ, ಆದರೂ ಅಂಗಡಿಯವರು ತೆರಿಗೆ ಕಟ್ಟುವವರಾದರು. ವ್ಯಾಪಾರಕ್ಕೆ ಮಾತ್ರ ಸೀಮಿತವಾಗಿ ಬರೆಯುವವರೂ ಇಲ್ಲಿ ಗೆರೆಯಾಚೆಗೆ ಒಂದು ಹೆಜ್ಜೆ ಇಟ್ಟು, ನಿಮ್ಮ ಬೇರೆ ಆದಾಯವೂ ಇದಕ್ಕೆ ಸೇರುತ್ತದೆ ಎಂದು ಹೇಳಲೇಬೇಕು.

ಗೆರೆ ಇನ್ನೊಂದು ಕಡೆ ಬಹಳ ಗಟ್ಟಿಯಾಗಿದೆ. ಅದೇ ಬೀದಿಯಲ್ಲಿ ಅಣ್ಣತಮ್ಮಂದಿರಿಬ್ಬರು ಪಾಲುದಾರಿಕೆ ಸಂಸ್ಥೆ ಮಾಡಿಕೊಂಡು ನಡೆಸುವ ಅಂಗಡಿಯೊಂದಿದೆ ಎನ್ನೋಣ. ಮಾರಾಟ ಅದೇ ಒಂದೂವರೆ ಕೋಟಿ, ಅಂದಾಜು ಲಾಭ ಅದೇ 10 ಲಕ್ಷ. ಪಾಲುದಾರಿಕೆ ಸಂಸ್ಥೆ ಕಾನೂನಿನ ಕಣ್ಣಿಗೆ ಬೇರೆಯೇ ತೆರಿಗೆದಾರ. ಅದಕ್ಕೆ ಹಂತ ಹಂತದ ದರವಿಲ್ಲ, 12 ಲಕ್ಷದ ರಿಯಾಯಿತಿಯಿಲ್ಲ. ಮೊದಲ ರೂಪಾಯಿಯಿಂದಲೇ ಶೇ 30. ಸೆಸ್ ಸೇರಿ 3 ಲಕ್ಷ 12 ಸಾವಿರ. 2025ರ ಬಜೆಟ್ ಇದರಲ್ಲಿ ಒಂದು ರೂಪಾಯಿಯನ್ನೂ ಕಡಿಮೆ ಮಾಡಲಿಲ್ಲ. ಗಿರಾಕಿಯ ಕಣ್ಣಿಗೆ ಎರಡು ಅಂಗಡಿಗಳಲ್ಲೂ ಅದೇ ಅಕ್ಕಿ, ಅದೇ ಬೇಳೆ, ಅದೇ ತಕ್ಕಡಿ. ಅವುಗಳ ನಡುವೆ ಇಷ್ಟು ಅಂತರ ತಂದದ್ದು ಅಂಗಡಿ ಯಾರ ಹೆಸರಿನಲ್ಲಿ, ಯಾವ ರೂಪದಲ್ಲಿ ನಿಂತಿದೆ ಎಂಬುದು. ಸಣ್ಣ ಅಂಗಡಿಯವರಿಗೆ ಎಂದು ಒಟ್ಟಾಗಿ ಬರೆದ ಸಾರಾಂಶ ಇವರಿಬ್ಬರಲ್ಲಿ ಒಬ್ಬರಿಗೆ ಸುಳ್ಳಾಗಿರುತ್ತದೆ.

ಈ ಅಣ್ಣತಮ್ಮಂದಿರಿಗೆ 2025ರ ಏಪ್ರಿಲ್ 1ರಿಂದ ಒಂದು ಹೊಸ ಕೆಲಸವೂ ಬಂತು. ಸಂಸ್ಥೆ ತನ್ನ ಪಾಲುದಾರರಿಗೆ ಸಂಬಳ, ಕಮಿಷನ್ ಅಥವಾ ಬಂಡವಾಳದ ಬಡ್ಡಿ ಎಂದು ವರ್ಷಕ್ಕೆ 20 ಸಾವಿರಕ್ಕಿಂತ ಹೆಚ್ಚು ಕೊಟ್ಟರೆ ಶೇ 10 ಟಿಡಿಎಸ್ ಹಿಡಿಯಬೇಕು. ಇದು 2025ರ ಫೆಬ್ರವರಿಯ ಭಾಷಣದಿಂದ ಬಂದದ್ದಲ್ಲ. 2024ರ ಜುಲೈನ ಬಜೆಟ್ಟಿನಲ್ಲೇ ತೀರ್ಮಾನವಾಗಿ, ಜಾರಿಯ ದಿನಾಂಕಕ್ಕಾಗಿ ಕಾದಿತ್ತು. ಆ ವರ್ಷದ ಭಾಷಣವನ್ನಷ್ಟೇ ಕೇಳಿದವರಿಗೆ ಅದು ಕಾಣುವುದಿಲ್ಲ. ಅಂಗಡಿಗೆ ಮಾತ್ರ ಅದು ಆ ವರ್ಷದ ಬದಲಾವಣೆಯೇ.

ದೊಡ್ಡ ಸದ್ದಿನ ಘೋಷಣೆ ಹೀಗೆ ಕೆಲವು ಅಂಗಡಿಗಳನ್ನು ಮುಟ್ಟದೆ ಹೋದರೆ, ಸದ್ದಿಲ್ಲದ ಒಂದು ಸಾಲು ನೇರವಾಗಿ ಅಂಗಡಿಯೊಳಗೆ ಬಂತು. ಅದು ಬಾಡಿಗೆಯದು. ಹಿಂದಿನ ವರ್ಷದ ಮಾರಾಟ 1 ಕೋಟಿ ದಾಟಿದ್ದರೆ, ಒಬ್ಬರೇ ಮಾಲೀಕರಿರುವ ಅಂಗಡಿಯೂ ಮಳಿಗೆಯ ಬಾಡಿಗೆ ಕೊಡುವಾಗ ಟಿಡಿಎಸ್ ಹಿಡಿಯಬೇಕು. ಅಂದಾಜು ಲಾಭದ ಪದ್ಧತಿಯಲ್ಲಿದ್ದೇನೆ, ಲೆಕ್ಕಪುಸ್ತಕವನ್ನೇ ಬರೆಯುವುದಿಲ್ಲ ಎಂದರೂ ಇದು ಬಿಡುವುದಿಲ್ಲ. 2025ರ ಮಾರ್ಚ್‌ವರೆಗೆ ಇದರ ಮಿತಿ ವರ್ಷಕ್ಕೆ 2 ಲಕ್ಷ 40 ಸಾವಿರ. ಏಪ್ರಿಲ್ 1ರಿಂದ ಅದು ತಿಂಗಳಿಗೆ 50 ಸಾವಿರ.

ಒಂದೂವರೆ ಕೋಟಿಯ ನಮ್ಮ ಅಂಗಡಿಯ ಬಾಡಿಗೆ ತಿಂಗಳಿಗೆ 30 ಸಾವಿರ ಎನ್ನೋಣ. ವರ್ಷಕ್ಕೆ 3 ಲಕ್ಷ 60 ಸಾವಿರ, ಹಳೆಯ ಮಿತಿಗಿಂತ ಹೆಚ್ಚು. ಆದ್ದರಿಂದ ಅವರು ಟ್ಯಾನ್ ಸಂಖ್ಯೆ ಪಡೆದು, ಪ್ರತಿ ತಿಂಗಳು ಬಾಡಿಗೆಯಲ್ಲಿ 3 ಸಾವಿರ ಹಿಡಿದು, ಮುಂದಿನ ತಿಂಗಳ 7ರೊಳಗೆ ಸರ್ಕಾರಕ್ಕೆ ಕಟ್ಟಬೇಕಿತ್ತು. ಮೂರು ತಿಂಗಳಿಗೊಮ್ಮೆ ಅದರ ವಿವರಪಟ್ಟಿ ಸಲ್ಲಿಸಬೇಕಿತ್ತು. ತಡವಾದರೆ ದಿನಕ್ಕೆ 200 ರೂಪಾಯಿಯಂತೆ ಶುಲ್ಕ. ಮಳಿಗೆಯ ಮಾಲೀಕರಿಗೆ ಪ್ರಮಾಣಪತ್ರ ಕೊಡಬೇಕಿತ್ತು, ಜೊತೆಗೆ ಪೂರ್ತಿ ಬಾಡಿಗೆ ಯಾಕೆ ಕೊಡಲಿಲ್ಲ ಎಂಬ ಅವರ ಪ್ರಶ್ನೆಗೆ ಸಮಾಧಾನವನ್ನೂ ಹೇಳಬೇಕಿತ್ತು. 2025ರ ಏಪ್ರಿಲ್‌ನಿಂದ ಇವೆಲ್ಲವೂ ಈ ಅಂಗಡಿಗೆ ಇಲ್ಲ. ಉಳಿದದ್ದು ತೆರಿಗೆ ಹಣವಲ್ಲ, ಆ 3 ಸಾವಿರ ಮೊದಲೂ ಅಂಗಡಿಯವರದಾಗಿರಲಿಲ್ಲ. ಉಳಿದದ್ದು ಕೆಲಸ, ದಿನಾಂಕದ ಭಯ, ಆಡಿಟರ್‌ಗೆ ಕೊಡುತ್ತಿದ್ದ ಶುಲ್ಕದ ಒಂದು ಭಾಗ. ಹಣ ಉಳಿಸುವ ಬದಲಾವಣೆ, ಸಮಯ ಉಳಿಸುವ ಬದಲಾವಣೆ ಎಂದು ಎರಡು ಬಗೆಯಿದ್ದರೆ, ಮುಂಜಾನೆ ಶಟರ್ ಎತ್ತಿ ರಾತ್ರಿ ಇಳಿಸುವವರಿಗೆ ಎರಡನೆಯದು ಮೊದಲನೆಯದಕ್ಕಿಂತ ಕಡಿಮೆಯದೇನಲ್ಲ.

ಇದೇ ಬಗೆಯ ಇನ್ನೊಂದು ಸಣ್ಣ ಬದಲಾವಣೆ ಖರೀದಿ ಬಿಲ್ಲಿನಲ್ಲಿ ಆಯಿತು. ವಾರ್ಷಿಕ ಮಾರಾಟ 10 ಕೋಟಿ ಮೀರಿದ ಡಿಸ್ಟ್ರಿಬ್ಯೂಟರ್ ಒಬ್ಬರಿಂದಲೇ ವರ್ಷಕ್ಕೆ 50 ಲಕ್ಷಕ್ಕಿಂತ ಹೆಚ್ಚು ಸರಕು ತರಿಸುವ ಅಂಗಡಿಗಳಿಗೆ, ಆ 50 ಲಕ್ಷದ ಮೇಲಿನ ಮೊತ್ತಕ್ಕೆ ಶೇ 0.1 ಟಿಸಿಎಸ್ ಸೇರುತ್ತಿತ್ತು. ಏಪ್ರಿಲ್ 1ರಿಂದ ಅದು ನಿಂತಿತು. ಬಿಲ್ಲಿನಲ್ಲಿ ಆ ಸಾಲು ಮತ್ತೆ ಕಂಡರೆ ಕೇಳಬೇಕಾದದ್ದು ಡಿಸ್ಟ್ರಿಬ್ಯೂಟರನ್ನು.

ಮೂರನೆಯ ಪ್ರಶ್ನೆ ಕಾಲದ್ದು. ಬಜೆಟ್ ಭಾಷಣದಲ್ಲಿ ಎಲ್ಲ ವಾಕ್ಯಗಳೂ ಒಂದೇ ದನಿಯಲ್ಲಿ ಬರುತ್ತವೆ, ಆದರೆ ಅವು ನಿಂತಿರುವ ಕಾಲಗಳು ಬೇರೆ ಬೇರೆ. ತೆರಿಗೆಯ ಮಾತುಗಳು ಹಣಕಾಸು ಮಸೂದೆಯಲ್ಲಿ ಕಲಮುಗಳಾಗಿ ಅದೇ ದಿನ ಕಾಗದಕ್ಕೆ ಬಂದಿರುತ್ತವೆ. ಆ ವರ್ಷದ ಮಸೂದೆ ಸಂಸತ್ತಿನಲ್ಲಿ ತಿದ್ದುಪಡಿಗಳೊಂದಿಗೆ ಅಂಗೀಕಾರವಾಗಿ ಮಾರ್ಚ್ 29ರಂದು ರಾಷ್ಟ್ರಪತಿಯವರ ಅಂಕಿತ ಪಡೆಯಿತು. ಯೋಜನೆಗಳ ಮಾತು ಹಾಗಲ್ಲ. ಅದಕ್ಕೆ ಸಂಪುಟದ ಒಪ್ಪಿಗೆ ಬೇಕು, ಮಾರ್ಗಸೂಚಿ ಬೇಕು, ಬ್ಯಾಂಕುಗಳಿಗೆ ಸುತ್ತೋಲೆ ಹೋಗಬೇಕು.

ಬೀದಿ ವ್ಯಾಪಾರಿಗಳ ಪಿಎಂ ಸ್ವನಿಧಿ ಯೋಜನೆಯನ್ನೇ ನೋಡಬಹುದು. ಹೆಚ್ಚಿನ ಸಾಲ, 30 ಸಾವಿರ ಮಿತಿಯ ಯುಪಿಐ ಜೋಡಿಸಿದ ಕ್ರೆಡಿಟ್ ಕಾರ್ಡ್ ಎಂದು ಫೆಬ್ರವರಿ 1ರ ಭಾಷಣದಲ್ಲಿ ಹೇಳಿದ್ದರು. ಕೇಂದ್ರ ಸಂಪುಟ ಪರಿಷ್ಕೃತ ಯೋಜನೆಗೆ ಒಪ್ಪಿಗೆ ಕೊಟ್ಟದ್ದು ಆಗಸ್ಟ್ 27ರಂದು. ಮೊದಲ ಸಾಲ 10 ಸಾವಿರದಿಂದ 15 ಸಾವಿರಕ್ಕೆ, ಎರಡನೆಯದು 20 ಸಾವಿರದಿಂದ 25 ಸಾವಿರಕ್ಕೆ ಏರಿತು, ಮೂರನೆಯದು 50 ಸಾವಿರವೇ ಉಳಿಯಿತು. ಕಾರ್ಡ್ ಸಿಗುವುದು ಎರಡನೆಯ ಸಾಲವನ್ನು ತೀರಿಸಿದವರಿಗೆ. ಫೆಬ್ರವರಿ 2ರಂದು ಬ್ಯಾಂಕಿಗೆ ಹೋಗಿ ಕಾರ್ಡ್ ಕೇಳಿದ ತಳ್ಳುಗಾಡಿಯವರಿಗೆ ಸಿಗಬಹುದಾಗಿದ್ದದ್ದು ಇಲ್ಲ ಎಂಬ ಉತ್ತರ ಮತ್ತು ಒಂದು ದಿನದ ವ್ಯಾಪಾರ ನಷ್ಟ. ಸುದ್ದಿ ಸುಳ್ಳಾಗಿರಲಿಲ್ಲ, ಅದರ ಕಾಲ ಬಂದಿರಲಿಲ್ಲ. ಬಡವರ ಮಟ್ಟಿಗೆ ಕಾಲ ತಪ್ಪಿದ ಸತ್ಯಕ್ಕೂ ಸುಳ್ಳಿಗೂ ತಗಲುವ ಖರ್ಚು ಒಂದೇ.

ಸೂಕ್ಷ್ಮ ಉದ್ಯಮಗಳಿಗೆ 5 ಲಕ್ಷ ಮಿತಿಯ ಕ್ರೆಡಿಟ್ ಕಾರ್ಡ್ ಎಂಬ ಘೋಷಣೆಯನ್ನೂ ಹೀಗೆಯೇ ಓದಬೇಕು. ಉದ್ಯಮ್ ಪೋರ್ಟಲ್‌ನಲ್ಲಿ ನೋಂದಾಯಿಸಿದ ಸೂಕ್ಷ್ಮ ಉದ್ಯಮಗಳಿಗೆ, ಮೊದಲ ವರ್ಷ 10 ಲಕ್ಷ ಕಾರ್ಡ್ ಎಂದು ಭಾಷಣ ಹೇಳಿತು. ಚಿಲ್ಲರೆ ಮತ್ತು ಸಗಟು ವ್ಯಾಪಾರಿಗಳನ್ನು ಆ ನೋಂದಣಿಗೆ ಮತ್ತೆ ಸೇರಿಸಿಕೊಂಡದ್ದು 2021ರ ಜುಲೈನಲ್ಲಿ. ಆಗ ಹಾಕಿದ ಷರತ್ತು, ವ್ಯಾಪಾರಿಗಳಿಗೆ ಸಿಗುವ ಪ್ರಯೋಜನ ಆದ್ಯತಾ ವಲಯದ ಸಾಲಕ್ಕೆ ಸೀಮಿತ ಎಂದು. ತಯಾರಿಕೆ ಅಥವಾ ಸೇವೆ ಮಾಡುವ ಸೂಕ್ಷ್ಮ ಉದ್ಯಮಕ್ಕೆ ಸಿಗುವ ಎಲ್ಲವೂ ಕೊಂಡು ಮಾರುವ ಅಂಗಡಿಗೆ ತಾನಾಗಿ ಸಿಗುವುದಿಲ್ಲ. ಆದ್ದರಿಂದ ಇಂಥ ಘೋಷಣೆ ಸಾರಾಂಶದಲ್ಲಿ ಸೇರುವುದಾದರೆ, ನೋಂದಣಿ ಇದ್ದರೆ ಬ್ಯಾಂಕಿನಲ್ಲಿ ವ್ಯಾಪಾರಿಗಳಿಗೂ ಅನ್ವಯವೇ ಎಂದು ವಿಚಾರಿಸಿ ಎಂಬ ರೂಪದಲ್ಲಿ ಮಾತ್ರ. ಸಾಲಕ್ಕೆ ಸರ್ಕಾರದ ಖಾತರಿ 5 ಕೋಟಿಯಿಂದ 10 ಕೋಟಿಗೆ ಏರಿತು ಎಂಬುದನ್ನಂತೂ ಬಿಟ್ಟೇಬಿಡಬಹುದು. 10 ಲಕ್ಷದ ಓಡಿ ಖಾತೆಯಲ್ಲಿ ವ್ಯಾಪಾರ ನಡೆಸುವವರಿಗೆ ಹಳೆಯ ಮಿತಿಯೇ ಆಕಾಶದಷ್ಟು ಎತ್ತರವಿತ್ತು.

ಇಷ್ಟಾದ ಮೇಲೂ ಒಂದು ದೊಡ್ಡ ಸಂಗತಿ ಉಳಿಯುತ್ತದೆ. ಕಿರಾಣಿ ಅಂಗಡಿಯ ಕಪಾಟಿನಲ್ಲಿ ಆ ವರ್ಷ ಆದ ಅತಿ ದೊಡ್ಡ ಬದಲಾವಣೆ ಬಜೆಟ್ಟಿನಲ್ಲಿ ಇರಲೇ ಇಲ್ಲ. ಸೋಪು, ಟೂತ್‌ಪೇಸ್ಟ್, ಶಾಂಪೂಗಳ ಜಿಎಸ್‌ಟಿ ಶೇ 18ರಿಂದ 5ಕ್ಕೆ, ತುಪ್ಪ ಮತ್ತು ಬೆಣ್ಣೆಯದು 12ರಿಂದ 5ಕ್ಕೆ ಇಳಿದದ್ದು ಸೆಪ್ಟೆಂಬರ್ 22ರಂದು. ಅದನ್ನು ತೀರ್ಮಾನಿಸಿದ್ದು ಸೆಪ್ಟೆಂಬರ್ 3ರಂದು ಸೇರಿದ್ದ, ಕೇಂದ್ರ ಮತ್ತು ರಾಜ್ಯಗಳೆರಡೂ ಕೂರುವ ಜಿಎಸ್‌ಟಿ ಮಂಡಳಿ. ಜಿಎಸ್‌ಟಿ ದರ ಕೇಂದ್ರ ಬಜೆಟ್ಟಿನಲ್ಲಿ ತೀರ್ಮಾನವಾಗುವುದಿಲ್ಲ. ಬಜೆಟ್ ದಿನ ಯಾವುದು ಅಗ್ಗ, ಯಾವುದು ದುಬಾರಿ ಎಂದು ಬರುವ ಪಟ್ಟಿಗಳು ಬಹುಮಟ್ಟಿಗೆ ಆಮದು ಸುಂಕದ್ದು. ಅದನ್ನು ನಂಬಿ ಸರಕು ಕೂಡಿಡುವುದಾಗಲಿ ಖರೀದಿ ತಡೆಹಿಡಿಯುವುದಾಗಲಿ ಕಿರಾಣಿ ವ್ಯಾಪಾರಕ್ಕೆ ಸಲ್ಲದು.

ನೋಂದಣಿಯ ಮಿತಿಯೂ ಹಾಗೆಯೇ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ಮೀರಿದರೆ ಜಿಎಸ್‌ಟಿ ನೋಂದಣಿ ಬೇಕು. ಇದು ಲಾಭದ ಮಿತಿಯಲ್ಲ, ಮಾರಾಟದ ಮಿತಿ. 2025ರ ಬಜೆಟ್ ಇದನ್ನು ಮುಟ್ಟಲಿಲ್ಲ. ಆದರೆ ಅದೇ ವರ್ಷದ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ವಿವರ ಹಿಡಿದು, ಈ ಮಿತಿ ಮೀರಿಯೂ ನೋಂದಾಯಿಸದ ಬೇಕರಿ, ಕಾಂಡಿಮೆಂಟ್ಸ್, ಸಣ್ಣ ಅಂಗಡಿಗಳಿಗೆ ನೋಟಿಸ್ ಕಳಿಸಿತು. ತರಕಾರಿ, ಹಾಲು ಮಾರುವವರಿಗೂ ಬಂತು. ಬರೀ ವಿನಾಯಿತಿ ಇರುವ ಸರಕನ್ನೇ ಮಾರುವವರು ನೋಂದಾಯಿಸಬೇಕಿಲ್ಲ, ಆದರೆ ಯುಪಿಐ ಖಾತೆಗೆ ಬಂದ ಮೊತ್ತ ಅದು ಟೊಮೆಟೊದ್ದೋ ಬಿಸ್ಕತ್ತಿನದ್ದೋ ಎಂದು ಹೇಳುವುದಿಲ್ಲ. ಬೆಂಗಳೂರಿನ ಕೆಲವು ಅಂಗಡಿಗಳ ಮುಂದೆ ಯುಪಿಐ ಇಲ್ಲ, ನಗದು ಮಾತ್ರ ಎಂಬ ಚೀಟಿಗಳು ಬಿದ್ದವು. ಕಾನೂನು ಬದಲಾಗಿರಲಿಲ್ಲ, ಕಾನೂನಿನ ಕಣ್ಣು ಬದಲಾಗಿತ್ತು. ಹನ್ನೆರಡು ಲಕ್ಷದವರೆಗೆ ತೆರಿಗೆ ಇಲ್ಲ ಎಂದು ಐದು ತಿಂಗಳ ಹಿಂದೆ ಕೇಳಿ ನೆಮ್ಮದಿಯಾಗಿದ್ದವರಿಗೆ, ಆ ಮಾತು ಒಂದು ತೆರಿಗೆಯದು, ಈ ನೋಟಿಸ್ ಇನ್ನೊಂದು ತೆರಿಗೆಯದು ಎಂದು ಆಗಲೇ ಯಾರಾದರೂ ಹೇಳಬೇಕಿತ್ತು.

ಇಲ್ಲಿಗೆ ಬಂದಾಗ ನನಗೆ ಈ ಇಡೀ ವಿಚಾರದ ಒಳಗಿರುವುದು ಕಾಣುತ್ತದೆ. ಸರ್ಕಾರ ಒಂದು ಅಂಗಡಿಯನ್ನು ಒಂದಾಗಿ ನೋಡುವುದಿಲ್ಲ. ಆದಾಯ ತೆರಿಗೆಗೆ ಅದು 10 ಲಕ್ಷದ ಲಾಭ, ಜಿಎಸ್‌ಟಿಗೆ ಒಂದೂವರೆ ಕೋಟಿಯ ಮಾರಾಟ, ಟಿಡಿಎಸ್‌ಗೆ 30 ಸಾವಿರದ ಬಾಡಿಗೆ, ಉದ್ಯಮ ಇಲಾಖೆಗೆ ಒಂದು ನೋಂದಣಿ ಸಂಖ್ಯೆ. ಒಂದೊಂದು ಕಾನೂನಿಗೂ ತನ್ನದೇ ಅಳತೆ, ತನ್ನದೇ ಮಿತಿ, ತನ್ನದೇ ದಿನಾಂಕ. ಇದರಲ್ಲಿ ಕೆಟ್ಟ ಉದ್ದೇಶವೇನಿಲ್ಲ. ಆಡಳಿತ ನಡೆಯುವ ರೀತಿಯೇ ಅದು. ಆದರೆ ಅಂಗಡಿಯವರು ಆ ಎಲ್ಲ ಅಳತೆಗಳನ್ನೂ ಒಂದೇ ಮೈಯಲ್ಲಿ, ಒಂದೇ ಗಲ್ಲಾದಿಂದ ಹೊರಬೇಕು. ಹಂಚಿಹೋದ ಈ ಅಂಕಿಗಳನ್ನು ಮತ್ತೆ ಒಬ್ಬ ವ್ಯಕ್ತಿಯ ಸುತ್ತ ಕೂಡಿಸುವುದೇ ಸಾರಾಂಶದ ಕೆಲಸ. ಚಿಕ್ಕದು ಮಾಡುವುದು ಅದರ ಹೊರಗಿನ ರೂಪ ಮಾತ್ರ.

ಹಾಗೆ ಕೂಡಿಸಿದರೆ, ದಾವಣಗೆರೆಯ ಆ ಒಂದೂವರೆ ಕೋಟಿಯ ಅಂಗಡಿಗೆ 2025ರ ಬಜೆಟ್ ಇಷ್ಟು. ಏಪ್ರಿಲ್ 1ರ ನಂತರದ ಲಾಭ, ನಿಮ್ಮ ಬೇರೆ ಆದಾಯವೂ ಸೇರಿ, 12 ಲಕ್ಷ ಮೀರದಿದ್ದರೆ ಹೊಸ ಪದ್ಧತಿಯಲ್ಲಿ ತೆರಿಗೆ ಇಲ್ಲ, ರಿಟರ್ನ್ ಸಲ್ಲಿಸಲೇಬೇಕು. ಮಳಿಗೆ ಬಾಡಿಗೆ ತಿಂಗಳಿಗೆ 50 ಸಾವಿರ ಮೀರದಿದ್ದರೆ ಟಿಡಿಎಸ್ ಹಿಡಿಯುವುದನ್ನು ಏಪ್ರಿಲ್ ಬಾಡಿಗೆಯಿಂದ ನಿಲ್ಲಿಸಬಹುದು; ಮಾರ್ಚ್‌ವರೆಗಿನದನ್ನು ಕಟ್ಟಿ ವಿವರಪಟ್ಟಿ ಕೊಟ್ಟು ಮುಗಿಸಬೇಕು. ದೊಡ್ಡ ಡಿಸ್ಟ್ರಿಬ್ಯೂಟರ್ ಬಿಲ್ಲಿನಲ್ಲಿ ಟಿಸಿಎಸ್ ಇರಬಾರದು. ಅಂದಾಜು ಲಾಭದ ಶೇ 6 ಮತ್ತು 8, ಅದರ 2 ಕೋಟಿ ಮಿತಿ ಬದಲಾಗಿಲ್ಲ. ಜಿಎಸ್‌ಟಿ ದರವೂ ನೋಂದಣಿ ಮಿತಿಯೂ ಈ ಬಜೆಟ್ಟಿನಲ್ಲಿ ಬದಲಾಗಿಲ್ಲ. ಸಾಲದ ಕಾರ್ಡ್ ಬಜೆಟ್ ದಿನಕ್ಕೆ ಘೋಷಣೆ ಮಾತ್ರ. ಪಾಲುದಾರಿಕೆ ಸಂಸ್ಥೆಯಾಗಿದ್ದರೆ ಮೊದಲ ಮಾತು ನಿಮಗಲ್ಲ.

ಇದರಲ್ಲಿ ಅರ್ಧದಷ್ಟು ವಾಕ್ಯಗಳು ಏನೂ ಬದಲಾಗಿಲ್ಲ ಎಂದೋ, ಇದು ನಿಮಗಲ್ಲ ಎಂದೋ ಹೇಳುತ್ತವೆ. ಸುದ್ದಿ ಬರೆಯುವವರಿಗೆ ಅಂಥ ವಾಕ್ಯ ವ್ಯರ್ಥ, ಯಾಕೆಂದರೆ ಅದು ಸುದ್ದಿಯಲ್ಲ. ಅಂಗಡಿಯವರಿಗೆ ಅದೇ ಬಹಳ ಬೆಲೆಯುಳ್ಳದ್ದು. ಬದಲಾಗದ್ದನ್ನು ಖಚಿತವಾಗಿ ತಿಳಿದವರು ನಿನ್ನೆಯ ಹಾಗೆಯೇ ಇಂದೂ ಸರಕು ತರಿಸಬಹುದು, ಸಾಲ ಕೊಡಬಹುದು, ಬೆಲೆ ಹೇಳಬಹುದು. ತಿಳಿಯದವರು ಪ್ರತಿ ಘೋಷಣೆಗೂ ಅರ್ಧ ದಿನ ಆತಂಕದಲ್ಲಿ ಕಳೆಯುತ್ತಾರೆ, ಇಲ್ಲವೇ ಬಾರದ ಲಾಭವನ್ನು ನಂಬಿ ಖರ್ಚು ಮಾಡುತ್ತಾರೆ. ಹೀಗಾಗಿ ಇಂಥ ಬರವಣಿಗೆಯಲ್ಲಿ ಬಿಡುವುದು ಮತ್ತು ಇಡುವುದು ಎರಡೂ ಹೊಣೆಯ ಕೆಲಸ. ಬಿಟ್ಟದ್ದು ಅಂಗಡಿಗೆ ತಾಗದ್ದೆಂದು ಗೊತ್ತಿದ್ದೇ ಬಿಟ್ಟಿರಬೇಕು, ಇಟ್ಟದ್ದರ ಪಕ್ಕ ಯಾರಿಗೆ, ಎಂದಿನಿಂದ, ಯಾವ ಅಳತೆಯಲ್ಲಿ ಎಂಬ ಮೂರನ್ನೂ ಬರೆದಿರಬೇಕು. ಅಷ್ಟು ಮಾಡಿದ ಹಾಳೆಯ ಮೇಲೆ ಬರೆದ ದಿನಾಂಕವನ್ನೂ ಹಾಕಬೇಕು. ಮುಂದಿನ ಹಣಕಾಸು ಕಾಯ್ದೆ ಬರುವವರೆಗೆ, ಅಥವಾ ಜಿಎಸ್‌ಟಿ ಮಂಡಳಿ ಮತ್ತೊಮ್ಮೆ ಸೇರುವವರೆಗೆ ಮಾತ್ರ ಅದನ್ನು ನಂಬಬಹುದು ಎಂಬುದು ಓದುವವರಿಗೂ ಗೊತ್ತಿರಬೇಕು.